ಬಿಟ್ಟ ಪ್ರಶ್ನೆಗೂ ಬೆಲೆ ಬಂದ ಮೇಲೆ

2016 ಕೊಡಗಿನ ಮಟ್ಟಿಗೆ ವಿಚಿತ್ರವಾದ ವರ್ಷ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದೂ, 2013ರಲ್ಲಿ ರದ್ದಾಗಿದ್ದ ನೀಟ್ ಪರೀಕ್ಷೆಗೆ ಸುಪ್ರೀಂ ಕೋರ್ಟ್ ಮತ್ತೆ ದಾರಿ ಮಾಡಿಕೊಟ್ಟದ್ದೂ ಅದೇ ವರ್ಷ. ಸುಗ್ರೀವಾಜ್ಞೆಯ ಬಲದಿಂದ ಆ ಒಂದು ವರ್ಷ ರಾಜ್ಯದ ಸರ್ಕಾರಿ ವೈದ್ಯಕೀಯ ಸೀಟುಗಳು ಸಿಇಟಿಯಲ್ಲೇ ಉಳಿದವು. 2017ರಿಂದ ಎಲ್ಲವೂ ನೀಟ್ ಪಾಲಾಯಿತು. ಕಾಲೇಜು ಕಣ್ಣೆದುರೇ ಬಂದಾಗ ಮನೆಯವರ ಆಸೆ ಬೆಳೆಯಿತು, ಆದರೆ ಅದರ ಬಾಗಿಲು ತೆರೆಯುವ ಪರೀಕ್ಷೆಯ ಸ್ವಭಾವವೇ ಬದಲಾಗಿತ್ತು.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ; ತಪ್ಪಿಗೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿ ಅಂಕಕ್ಕೂ ಅರ್ಧ ಪಾಲಿರುವುದರಿಂದ ಅಲ್ಲಿ ಒಂದು ದಿನದ ಎಡವಟ್ಟಿಗೆ ಸ್ವಲ್ಪ ಆಸರೆಯಿದೆ. ನೀಟ್‌ನಲ್ಲಿ ಆ ಆಸರೆಯಿಲ್ಲ. ಸರಿಯುತ್ತರಕ್ಕೆ 4, ತಪ್ಪಿಗೆ ಒಂದು ಅಂಕ ಕಡಿತ, ಒಟ್ಟು 720. ಪಿಯುಸಿ ಅಂಕ ಅರ್ಹತೆಗೆ ಮಾತ್ರ ಬೇಕು.

ವಿರಾಜಪೇಟೆ ಸಮೀಪದ ನಮ್ಮ ಬಂಧುವೊಬ್ಬರ ಮಗಳು ಕರಾವಳಿಯ ಹಾಸ್ಟೆಲಿನಲ್ಲಿದ್ದು ಎರಡನೇ ಸಲ ಓದುತ್ತಿದ್ದಳು; ಊರಿನಲ್ಲಿ ಇದಕ್ಕೆ 'ಲಾಂಗ್ ಟರ್ಮ್' ಎನ್ನುತ್ತಾರೆ. ಜನವರಿಯಲ್ಲಿ ರೋಬಸ್ಟಾ ಕಾಫಿ ಕೊಯ್ದು ಮಾರಿದ ಹಣ ನೇರ ಫೀಸಿಗೆ ಹೋಗುತ್ತಿತ್ತು. ಪ್ರತಿ ಭಾನುವಾರ ಅಣಕು ಪರೀಕ್ಷೆ, ಸಂಜೆ ಅಪ್ಪನ ಫೋನು: "ಎಷ್ಟು ಬಂತು ಮಗಾ?" ಹೂಮಳೆಗೆ ಕಾಯುವ ಮಾರ್ಚ್ ಹೊತ್ತಿಗೆ ಅವಳ ಅಂಕ ಇಳಿಯತೊಡಗಿತು. ಓದು ಸಾಲದೆಂದು ಅವಳು ನಿದ್ದೆಯನ್ನು ಕಡಿಮೆ ಮಾಡಿದಳು, ಅಂಕ ಮತ್ತೂ ಇಳಿಯಿತು.

ಕಾರಣ ಉತ್ತರಪತ್ರಿಕೆಯಲ್ಲೇ ಇತ್ತು. ಮೊದಲು ಅವಳು 150 ಪ್ರಶ್ನೆ ಬರೆದು 120 ಸರಿ ಮಾಡುತ್ತಿದ್ದಳು: 480ರಲ್ಲಿ 30 ಕಳೆದು 450. ಈಗ ಒಂದನ್ನೂ ಬಿಡದೆ 180ಕ್ಕೂ ಗುರುತು ಹಾಕಿ, ಅದೇ 120 ಸರಿ ಮಾಡಿ, 60 ಕಳೆದುಕೊಂಡು 420ಕ್ಕೆ ಬಂದಿದ್ದಳು. ಗೊತ್ತಿದ್ದದ್ದು ಕಡಿಮೆಯಾಗಿರಲಿಲ್ಲ. ಖಾಲಿ ಬಿಟ್ಟು ಎದ್ದು ಬರುವ ಧೈರ್ಯ ಹೋಗಿತ್ತು. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿದ ಮೇಲೆ ಊಹಿಸಿದರೆ ಲಾಭವೇ ಹೆಚ್ಚು, ಆದರೆ ಹೆದರಿದ ಮನಸ್ಸು ತಳ್ಳಿಹಾಕುವ ತಾಳ್ಮೆಯನ್ನೇ ಮೊದಲು ಕಳೆದುಕೊಳ್ಳುತ್ತದೆ. ಸರಿಯುತ್ತರಗಳ ಸಂಖ್ಯೆ ಹಾಗೇ ಇದ್ದು ತಪ್ಪುಗಳು ಮಾತ್ರ ವಾರವಾರಕ್ಕೂ ಏರುತ್ತಿದ್ದರೆ, ಕೊರತೆ ಪಾಠದಲ್ಲಿಲ್ಲ ಎಂದು ತಿಳಿಯಬೇಕು. ಒಟ್ಟು ಅಂಕ ಮಾತ್ರ ಕೇಳುವ ಮನೆಯವರಿಗೆ ಇದು ಕಾಣುವುದೇ ಇಲ್ಲ. (ಅಂಕದ ಮೇಲೆ ಬ್ಯಾಚ್ ಒಡೆಯುವ ಕೋಚಿಂಗ್‌ನವರಿಗೂ ಅದು ಕಂಡಂತಿರಲಿಲ್ಲ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತ ನಿರ್ದೇಶನಗಳಲ್ಲಿ ಈ ಪದ್ಧತಿಯನ್ನೂ ಬೇಡವೆಂದಿತು.)

ಹಾಸ್ಟೆಲಿಗೆ ಹೋಗಿ ಆ ಹಾಳೆಗಳನ್ನು ಕೂತು ನೋಡಿದವಳು ಅವಳ ಅತ್ತೆ. ನಿದ್ದೆ ಬಾರದ ರಾತ್ರಿಗಳಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟದ್ದೂ ಅವಳೇ. ಅಪ್ಪನಿಗೆ ಲೆಕ್ಕ ಬಿಡಿಸಿ ಹೇಳಿದ ಮೇಲೆ ಮುಂದಿನ ಭಾನುವಾರ ಅವರು ಕೇಳಿದ್ದು ಬೇರೆ ಪ್ರಶ್ನೆ: "ಇವತ್ತು ಎಷ್ಟು ಬಿಟ್ಟೆ ಮಗಾ?"