ಕಣಕಿ ಅರಗಿಸುವ ಆಕಳು ಕಾಳಿಗೆ ಸೋತದ್ದು

ಹಾವೇರಿ ಕಡೆ ಗೋವಿನಜೋಳ ಒಕ್ಕುವ ದಿನಗಳಲ್ಲಿ ನನ್ನ ಫೋನು ನಸುಕಿಗೇ ಬಡಕೊಳ್ಳುತ್ತದೆ. ಕಳೆದ ಸುಗ್ಗಿಯಲ್ಲಿ ಬಂದ ಅಂಥ ಒಂದು ಕರೆ ಇದು. "ಸಾಹೇಬ್ರ, ಆಕಳು ರಾತ್ರಿ ಹಗ್ಗ ಹರಕೊಂಡು ರಾಶಿಗೆ ಬಾಯಿ ಹಾಕೇತ್ರಿ. ಎಷ್ಟ ತಿಂದೈತೋ ಗೊತ್ತಿಲ್ಲ. ಈಗ ಕಣಕಿ ಮುಂದ ಹಾಕಿದ್ರ ಮೂಸಿ ಸುದ್ದಾ ನೋಡವಲ್ದು."

ಹೋಗಿ ನೋಡಿದರೆ ಮಿಶ್ರತಳಿಯ ಆಕಳು, ಸುಮಾರು ನಾನೂರು ಕೆಜಿ ತೂಕದ್ದು, ತಲೆ ತಗ್ಗಿಸಿ ನಿಂತಿತ್ತು. ಕಣ್ಣು ಒಳಗೆ ಹೋಗಿದ್ದವು. ಸಗಣಿ ಬೂದುಬಣ್ಣಕ್ಕೆ ತಿರುಗಿ ನೀರಾಗಿತ್ತು, ಹುಳಿ ನಾತ, ನಡುನಡುವೆ ಇಡಿಯ ಕಾಳು. ಎಡ ಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿದೆ. ಆರೋಗ್ಯವಂತ ದನದಲ್ಲಿ ಅಲ್ಲಿ ನಾದಿದ ಹಿಟ್ಟನ್ನು ಒತ್ತಿದಂತೆ ಅನಿಸುತ್ತದೆ, ನಿಮಿಷಕ್ಕೊಮ್ಮೆಯಾದರೂ ಒಳಗಿನಿಂದ ಒಂದು ಅಲೆ ಎದ್ದು ಮುಷ್ಟಿಯನ್ನು ಹೊರಕ್ಕೆ ತಳ್ಳುತ್ತದೆ. ಇಲ್ಲಿ ಎರಡು ನಿಮಿಷ ಕಾದರೂ ಅಲೆ ಇಲ್ಲ. ಅಲುಗಾಡಿಸಿದರೆ ಅರ್ಧ ತುಂಬಿದ ಕೊಡದ ನೀರಿನ ಹಾಗೆ ಕುಲುಕುವ ಸದ್ದು.

ನಾನು ದನದ ಹೊಟ್ಟೆಗೆ ಇಳಿಸುವ ಪೈಪು ತೆಗೆಯುತ್ತಿದ್ದಾಗ ಮನೆಯ ಹಿರಿಯರು ಒಂದು ಪ್ರಶ್ನೆ ಕೇಳಿದರು: "ಅಲ್ರಿ, ಬಡಿಗಿಯಂಥಾ ಕಣಕಿನ ಅರಗಿಸ್ಕೊಳ್ಳೂ ಹೊಟ್ಟಿಗೆ ಮೆತ್ತನ್ನ ಕಾಳು ಯಾಕ ಅರಗಲಿಲ್ಲ?" ಆಗ ಎರಡು ಮಾತಿನಲ್ಲಿ ಮುಗಿಸಿದ್ದೆ. ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ, ಯಾಕೆಂದರೆ ದನದ ಹೊಟ್ಟೆ ನಾಲ್ಕು ಕೋಣೆಯದು ಏಕೆ ಎಂಬುದಕ್ಕೂ ಉತ್ತರ ಇದರೊಳಗೇ ಇದೆ.

ಮೊದಲ ಸಂಗತಿ: ಕಣಕಿಯನ್ನು ಆಕಳು ಅರಗಿಸುವುದೇ ಇಲ್ಲ. ಹುಲ್ಲು, ದಂಟು ಗಟ್ಟಿಯಾಗಿರುವುದು ಸೆಲ್ಯುಲೋಸ್ ಎಂಬ ನಾರಿನಿಂದ. ಅದೂ ಪಿಷ್ಟದ ಹಾಗೆ ಸಕ್ಕರೆಯ ಕೊಂಡಿಗಳ ಸರಪಳಿಯೇ, ಆದರೆ ಕೊಂಡಿ ಹಾಕಿದ ರೀತಿ ಬೇರೆ. ಆ ಬೆಸುಗೆಯನ್ನು ಬಿಚ್ಚುವ ರಸವನ್ನು ನಮ್ಮ ಮೈಯೂ ಮಾಡುವುದಿಲ್ಲ, ಆಕಳ ಮೈಯೂ ಮಾಡುವುದಿಲ್ಲ. ಅದು ಇರುವುದು ಕೆಲವು ಬ್ಯಾಕ್ಟೀರಿಯಾ, ಏಕಕೋಶ ಜೀವಿ ಮತ್ತು ಶಿಲೀಂಧ್ರಗಳ ಹತ್ತಿರ. ಆಕಳು ಮಾಡುವುದು ಅವುಗಳನ್ನು ಹೊಟ್ಟೆಯೊಳಗೆ ಸಾಕುವ ಕೆಲಸ. ಹುಲ್ಲು ಹಾಕುತ್ತದೆ, ನೀರು ಕೊಡುತ್ತದೆ, ಮೈಯ ಶಾಖ ಕೊಡುತ್ತದೆ. ಅವು ನಾರನ್ನು ಹುಳಿಯಿಸಿ ಹೊರಬಿಡುವ ಸಣ್ಣ ಆಮ್ಲಗಳನ್ನು, ಅಂದರೆ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳನ್ನು, ಹೊಟ್ಟೆಯ ಗೋಡೆಯಿಂದ ಹೀರಿಕೊಳ್ಳುತ್ತದೆ. ದನದ ಮೈಗೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಆಮ್ಲಗಳದ್ದೇ. ಹುಳಿಯುವಾಗ ಹುಟ್ಟುವ ಗಾಳಿ ತೇಗಿನಲ್ಲಿ ಹೊರಗೆ ಹೋಗುತ್ತದೆ.

ಈ ಹುಳಿಯುವಿಕೆ ನಡೆಯುವುದು ಎಡ ಪಕ್ಕೆಯನ್ನೆಲ್ಲ ತುಂಬಿಕೊಂಡ ರೂಮೆನ್ ಎಂಬ ದೊಡ್ಡ ಚೀಲದಲ್ಲಿ. ದೊಡ್ಡ ದನದಲ್ಲಿ ಅದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಜನ "ನಾಲ್ಕು ಹೊಟ್ಟೆ" ಅನ್ನುತ್ತಾರೆ. ನಿಜವಾಗಿ ಹೊಟ್ಟೆ ಒಂದೇ, ಕೋಣೆ ನಾಲ್ಕು. ನಮ್ಮ ಹೊಟ್ಟೆಯಂತೆ ಆಮ್ಲ ಸುರಿಸುವುದು ಕೊನೆಯ ಕೋಣೆ ಅಬೊಮೇಸಮ್ ಮಾತ್ರ. ಉಳಿದ ಮೂರೂ ಆ ಆಮ್ಲಕ್ಕಿಂತ ಮುಂಚೆ ಇರುವ ಹುಳಿಯಿಸುವ, ಸೋಸುವ, ಹಿಂಡುವ ಜಾಗಗಳು.

ಈ "ಮುಂಚೆ" ಎಂಬುದೇ ಮುಖ್ಯ. ಕುದುರೆಯೂ ಹುಲ್ಲು ತಿಂದೇ ಬದುಕುತ್ತದೆ, ಅದರ ಹುಳಿಯಿಸುವ ಚೀಲ ಮಾತ್ರ ಕರುಳಿನ ಹಿಂಭಾಗದಲ್ಲಿದೆ. ಅಲ್ಲಿ ಬೆಳೆದ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಲದ್ದಿಯ ಜೊತೆ ಹೊರಗೆ ಹೋಗುತ್ತವೆ. ಆಕಳಿನಲ್ಲಿ ಅವು ಮುಂದಿನ ಕೋಣೆಗಳಿಗೆ ಹರಿದು, ಅಬೊಮೇಸಮ್ಮಿನ ಆಮ್ಲದಲ್ಲಿ ಸತ್ತು, ಆಕಳಿಗೇ ಆಹಾರವಾಗುತ್ತವೆ. ಒಣ ಕಣಕಿಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಆಕಳಿಗೆ ಸಿಗುವ ಪ್ರೋಟೀನಿನ ದೊಡ್ಡ ಪಾಲು ಈ ಸೂಕ್ಷ್ಮಜೀವಿಗಳ ಮೈಯೇ. ಹಾಗಂತ ಬರೀ ಕಣಕಿ ಹಾಕಿದರೆ ಸಾಲದು, ಅವು ಬೆಳೆಯಲು ಸಾರಜನಕ ಬೇಕು. ಕಣಕಿಯ ಜೊತೆ ಒಂದಿಷ್ಟು ಹಿಂಡಿಯೋ ಹಸಿ ಮೇವೋ ಇದ್ದರೆ ಅದೇ ಕಣಕಿ ಹೆಚ್ಚು ಅರಗುವುದು ಇದಕ್ಕೇ.

ಇನ್ನು ಮೆಲುಕು. ಉದ್ದನೆಯ ನಾರು ರೂಮೆನ್ನಿನ ನೀರಿನ ಮೇಲೆ ದಪ್ಪ ಚಾಪೆಯ ಹಾಗೆ ತೇಲುತ್ತದೆ. ಎರಡನೆಯ ಕೋಣೆ ರೆಟಿಕ್ಯುಲಮ್ಮಿಗೆ ಒಳಗೆ ಜೇನುಗೂಡಿನ ಕಣ್ಣುಗಳಿವೆ. (ಮೇವಿನ ಜೊತೆ ನುಂಗಿದ ಮೊಳೆ, ತಂತಿ ಸಿಕ್ಕಿಕೊಳ್ಳುವುದೂ ಇಲ್ಲೇ. ಅದರ ಕಥೆ ಬೇರೆ ಇದೆ.) ಅಲ್ಲಿಂದ ಮೂರನೆಯ ಕೋಣೆ ಒಮೇಸಮ್ಮಿಗೆ ಹೋಗುವ ಬಾಯಿಯಲ್ಲಿ ಹೆಚ್ಚಾಗಿ ಒಂದೆರಡು ಮಿಲಿಮೀಟರಿನ ಚೂರುಗಳಷ್ಟೇ ದಾಟುತ್ತವೆ. ಒಮೇಸಮ್ಮಿನ ಒಳಗೆ ಪುಸ್ತಕದ ಹಾಳೆಗಳಂಥ ಮಡಿಕೆಗಳಿದ್ದು, ಅವು ನೀರನ್ನು ಹೀರುತ್ತವೆ. ದಾಟಲಾರದ ಉದ್ದ ನಾರು ಮತ್ತೆ ಬಾಯಿಗೆ ಬರಬೇಕು, ಮತ್ತೆ ಅಗಿಯಬೇಕು. ದಿನಕ್ಕೆ ಏಳೆಂಟು ತಾಸು ಇದೇ ಕೆಲಸ. ಹಾಗೆ ಅಗಿಯುವಾಗ ಜೊಲ್ಲು ಧಾರೆಯಾಗಿ ಇಳಿಯುತ್ತದೆ, ದೊಡ್ಡ ದನದಲ್ಲಿ ದಿನಕ್ಕೆ ನೂರು ಲೀಟರಿನಷ್ಟು. ಆ ಜೊಲ್ಲಿನಲ್ಲಿರುವುದು ನಮ್ಮ ಅಡಿಗೆ ಸೋಡಾದ ಅಂಶವೇ. ಚೀಲದಲ್ಲಿ ಹುಟ್ಟುವ ಹುಳಿಯನ್ನು ಹದಕ್ಕೆ ತರುವುದು ಅದು. ಕಣಕಿ ಎಷ್ಟು ಒರಟೋ ಅಷ್ಟು ಮೆಲುಕು, ಎಷ್ಟು ಮೆಲುಕೋ ಅಷ್ಟು ಸೋಡಾ.

ಈಗ ಆ ರಾತ್ರಿಗೆ ಬರೋಣ. ಕಾಳು ಪಿಷ್ಟದ ಗಡ್ಡೆ. ನಾರು ಕರಗಲು ಒಂದೆರಡು ದಿನ ಹಿಡಿದರೆ ಪಿಷ್ಟಕ್ಕೆ ಕೆಲವು ತಾಸು ಸಾಕು. ಪಿಷ್ಟ ತಿನ್ನುವ ಬ್ಯಾಕ್ಟೀರಿಯಾಗಳು ಒಮ್ಮೆಲೇ ಏರಿ ಲ್ಯಾಕ್ಟಿಕ್ ಆಮ್ಲ ಸುರಿಯುತ್ತವೆ. ಮೊಸರನ್ನು ಹುಳಿ ಮಾಡುವ ಆಮ್ಲವೇ ಅದು, ರೂಮೆನ್ನಿನ ಮಾಮೂಲಿ ಆಮ್ಲಗಳಿಗಿಂತ ಬಹಳ ಕಟು. ಕಾಳು ಮೆಲುಕನ್ನು ಕೆರಳಿಸುವುದಿಲ್ಲ, ಮೆಲುಕಿಲ್ಲದಿದ್ದರೆ ಜೊಲ್ಲಿಲ್ಲ, ಜೊಲ್ಲಿಲ್ಲದಿದ್ದರೆ ಸೋಡಾ ಇಲ್ಲ. ಹುಳಿ ಏರಿದಂತೆ ನಾರು ಒಡೆಯುವ ಜೀವಿಗಳು ಸಾಯುತ್ತವೆ. ದಟ್ಟವಾದ ಆ ದ್ರವ ರಕ್ತದಿಂದ ನೀರನ್ನು ಚೀಲದೊಳಕ್ಕೆ ಎಳೆದುಕೊಳ್ಳುತ್ತದೆ. ಕೊಡದ ಕುಲುಕು, ಒಳಗೆ ಹೋದ ಕಣ್ಣು, ಎರಡೂ ಆಗಿದ್ದು ಇದರಿಂದಲೇ. ದನ ಒಳಗೆ ನೀರು ತುಂಬಿಕೊಂಡೇ ಒಣಗುತ್ತಿರುತ್ತದೆ.

ಪೈಪಿನಿಂದ ತೆಗೆದ ದ್ರವ ಹಾಲುಬೂದು ಬಣ್ಣಕ್ಕಿತ್ತು. ಆಮ್ಲತೆ ನೋಡುವ ಕಾಗದ ಅದ್ದಿದರೆ 5 ತೋರಿಸಿತು. ಆರರಿಂದ ಏಳರೊಳಗೆ ಇರಬೇಕಿತ್ತು, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಸರಿಯಿದ್ದ ದನದ ಹನಿಯಲ್ಲಿ ಏಕಕೋಶ ಜೀವಿಗಳು ಸಂತೆಯಂತೆ ಓಡಾಡುತ್ತಿರುತ್ತವೆ. ಇಲ್ಲಿ ಒಂದೂ ಅಲುಗಲಿಲ್ಲ.

ಪೈಪಿನಿಂದಲೇ ಆದಷ್ಟು ದ್ರವ ಹೊರಗೆ ತೆಗೆದು, ಅಡಿಗೆ ಸೋಡಾ ಕಲಿಸಿದ ನೀರು ಒಳಗೆ ಬಿಟ್ಟೆ, ರಕ್ತನಾಳಕ್ಕೆ ಸಲೈನ್ ಹಚ್ಚಿದೆ. ಕಾಳು, ಹಿಂಡಿ ಪೂರ್ತಿ ಬಂದ್. ಮುಂದೆ ಬರೀ ಕಣಕಿ, ಅದೂ ಸಣ್ಣಗೆ ಕತ್ತರಿಸದೆ. ಮನೆಯವರು ಅಷ್ಟರಲ್ಲೇ ಬಾಟ್ಲಿಯಲ್ಲಿ ಎಣ್ಣೆ ಕುಡಿಸಲು ಹೊರಟಿದ್ದರು, ತಡೆದೆ. ಸುಸ್ತಾದ ದನಕ್ಕೆ ತಲೆ ಎತ್ತಿ ಹಿಡಿದು ಕುಡಿಸಿದರೆ ಅರ್ಧ ಶ್ವಾಸಕೋಶಕ್ಕೆ ಹೋಗುತ್ತದೆ, ಆಮೇಲೆ ಎರಡು ರೋಗಕ್ಕೆ ಮದ್ದು ಹುಡುಕಬೇಕು.

ಮರುದಿನ ಕಾಗದ ಆರಕ್ಕೆ ಬಂತು, ಆದರೂ ಹನಿ ಖಾಲಿಯೇ. ಹೆಪ್ಪು ಸತ್ತಿತ್ತು. ಹೆಪ್ಪಿಲ್ಲದಿದ್ದರೆ ನೆರೆಮನೆಗೆ ಹೋಗುತ್ತೇವಲ್ಲ, ಹಾಗೇ ಮಾಡಿದೆವು. ಪಕ್ಕದ ಮನೆಯ ಗಟ್ಟಿಮುಟ್ಟಾದ ಎತ್ತಿಗೆ ಪೈಪು ಹಾಕಿ ನಾಲ್ಕೈದು ಲೀಟರು ದ್ರವ ತೆಗೆದು, ಬಟ್ಟೆಯಲ್ಲಿ ಸೋಸಿ, ಬಿಸುಪು ಆರುವ ಮೊದಲೇ ಈ ಆಕಳಿಗೆ ಬಿಟ್ಟೆ. ಹಿರಿಯರು ಮೂಗು ಮುಚ್ಚಿಕೊಂಡೇ ಬಕೆಟ್ ಹಿಡಿದಿದ್ದರು.

ಮೂರನೆಯ ದಿನ ಸಂಜೆ ಆಕಳು ಮಲಗಿತ್ತು. ಕುತ್ತಿಗೆಯಲ್ಲಿ ಒಂದು ಉಂಡೆ ಮೇಲೇರುವುದು ಕಾಣಿಸಿತು, ದವಡೆ ಆಡತೊಡಗಿತು. ನಾನು ಎಣಿಸಿದೆ: ಒಂದು ಉಂಡೆಗೆ ನಲವತ್ತಾರು ಅಗಿತ. "ಇನ್ನ ಕಾಳು ಹಾಕೂದ ಬ್ಯಾಡೇನ್ರಿ?" ಎಂದು ಹಿರಿಯರು ಕೇಳಿದರು. ಹಾಕಬಹುದು, ವಾರ ಬಿಟ್ಟು, ಒಂದು ಹಿಡಿಯಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ಏರಿಸಿಕೊಂಡು ಹೋಗಿ ಎಂದೆ. ಹುಳಿ ಉಣ್ಣುವ ಜೀವಿಗಳು ಬೆಳೆಯಲು ಅಷ್ಟು ದಿನ ಬೇಕು. ಗೊರಸಿನ ಮೇಲೂ ಕಣ್ಣಿಡಲು ಹೇಳಿ ಬಂದೆ. ಇಂಥ ಹುಳಿ ಇಳಿದ ಮೇಲೂ ಕೆಲವು ದನಗಳಿಗೆ ಗೊರಸಿನ ಒಳಗೆ ಬಾವು ಬಂದು ಕುಂಟುತ್ತವೆ.