ಬಾಣಂತನದಲ್ಲಿ ಹೃದಯ ಸೋತಿತ್ತು, ಈಗ ಎಕೋ ಸರಿಯಿದೆ: ಮತ್ತೆ ಗರ್ಭಿಣಿಯಾಗಬಹುದೇ?

ಪ್ರಶ್ನೆ: ನನಗೆ 27 ವರ್ಷ. ಎರಡು ವರ್ಷಗಳ ಹಿಂದೆ ಮೊದಲ ಹೆರಿಗೆಯಾದ ಹನ್ನೆರಡನೆಯ ದಿನ, ಮಲಗಲೂ ಆಗದಷ್ಟು ಉಸಿರು ಕಟ್ಟಿತು. ಪೆರಿಪಾರ್ಟಮ್ ಕಾರ್ಡಿಯೊಮಯೋಪತಿ ಎಂದು ಹೇಳಿದರು. ಆಗ ಎಕೋದಲ್ಲಿ ಇ.ಎಫ್. 28 ಇತ್ತು, ಕಳೆದ ತಿಂಗಳು 55 ಬಂದಿದೆ. ಎನಲಾಪ್ರಿಲ್, ಮೆಟೊಪ್ರೊಲಾಲ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ. ಯಾವ ತೊಂದರೆಯೂ ಇಲ್ಲ. ಇನ್ನೊಂದು ಮಗು ಬೇಕೆಂಬ ಆಸೆಯಿದೆ. ಆಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು 55 ಎಂಬ ಅಂಕಿಯಲ್ಲ, ಅದರ ಮುಂದಿನ ಸಾಲಿನಲ್ಲಿರುವ ಮೂರು ಮಾತ್ರೆಗಳ ಹೆಸರು. ಆ 55 ನಿಮ್ಮ ಹೃದಯದ ಸ್ವಂತ ಬಲವೋ ಅಥವಾ ಮಾತ್ರೆಗಳ ಆಸರೆಯಲ್ಲಿ ನಿಂತಿರುವ ಬಲವೋ ಎಂಬುದು ಈ ಎಕೋದಿಂದ ತಿಳಿಯುವುದಿಲ್ಲ, ನಿಮ್ಮ ಪ್ರಶ್ನೆಯ ಉತ್ತರವಾದರೋ ಅದರ ಮೇಲೆಯೇ ನಿಂತಿದೆ.

ಹೃದಯದ ಎಡ ಕೆಳಕೋಣೆಯು ತುಂಬಿಕೊಂಡ ರಕ್ತದಲ್ಲಿ ಶೇಕಡ ಎಷ್ಟನ್ನು ಒಂದು ಮಿಡಿತದಲ್ಲಿ ಹೊರದೂಡುತ್ತದೆ ಎಂಬುದೇ ಇ.ಎಫ್. ಆರೋಗ್ಯವಂತ ಹೃದಯದಲ್ಲಿ ಅದು ಸುಮಾರು 55ರಿಂದ 70ರವರೆಗೆ ಇರುತ್ತದೆ. ಗರ್ಭಾವಸ್ಥೆಯ ಕೊನೆಯಲ್ಲಿ ಅಥವಾ ಹೆರಿಗೆಯ ನಂತರದ ಕೆಲವು ತಿಂಗಳುಗಳಲ್ಲಿ, ಬೇರೆ ಯಾವ ಕಾರಣವೂ ಸಿಗದೆ ಅದು 45ಕ್ಕಿಂತ ಕೆಳಗಿಳಿದರೆ ನಿಮಗೆ ಬಂದ ಕಾಯಿಲೆಯ ಹೆಸರನ್ನು ಕೊಡುತ್ತಾರೆ. ನಿಮ್ಮ ಹೃದಯ ಅಲ್ಲಿಂದ ಚೇತರಿಸಿಕೊಂಡಿದೆ, ನಿಜ. ಆದರೆ ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಅದನ್ನು ಹೃದಯ ತಿಂಗಳುಗಟ್ಟಲೆ ಬಿಡುವಿಲ್ಲದೆ ಪಂಪ್ ಮಾಡಬೇಕಾಗುತ್ತದೆ. ಕುಳಿತಿರುವಾಗ ಸಾಕಾಗುವ ಬಲ ಆ ಹೊರೆಗೆ ಸಾಲದೆ ಹೋಗಬಹುದು.

ಈ ಕಾಯಿಲೆ ಬಂದುಹೋದವರು ಮತ್ತೆ ಗರ್ಭಿಣಿಯರಾದಾಗ ಏನಾಯಿತು ಎಂಬುದನ್ನು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ 44 ಮಹಿಳೆಯರಲ್ಲಿ ನೋಡಿತ್ತು. ಮೊದಲೇ ಇ.ಎಫ್. ಸಹಜಕ್ಕೆ ಮರಳಿದ್ದ 28 ಮಂದಿಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೃದಯ ಸೋಲುವ ಲಕ್ಷಣಗಳು ಮರುಕಳಿಸಿದವು, ಅವರ ಸರಾಸರಿ ಇ.ಎಫ್. 56ರಿಂದ 49ಕ್ಕೆ ಇಳಿಯಿತು, ಆದರೆ ಯಾರೂ ಸಾಯಲಿಲ್ಲ. ಪೂರ್ತಿ ಚೇತರಿಸಿಕೊಳ್ಳದಿದ್ದ 16 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಲಕ್ಷಣಗಳು ಬಂದವು, ಮೂವರು ತೀರಿಕೊಂಡರು. ಇವು ಸಣ್ಣ ಸಂಖ್ಯೆಗಳು, ಇವನ್ನು ಹಿಡಿದು ಒಬ್ಬರ ಭವಿಷ್ಯವನ್ನು ಹೇಳಲಾಗದು. ಹಾಗಿದ್ದರೂ ಎರಡು ಗುಂಪುಗಳ ನಡುವಿನ ಅಂತರ ಕಣ್ಣಿಗೆ ರಾಚುವಷ್ಟಿದೆ. ಇ.ಎಫ್. ಸಹಜವಾಗದವರಿಗೆ ಮತ್ತೆ ಗರ್ಭ ಧರಿಸಬೇಡಿ ಎಂದು ಹೃದ್ರೋಗ ತಜ್ಞರು ಸ್ಪಷ್ಟವಾಗಿ ಹೇಳುವುದು ಇದೇ ಕಾರಣಕ್ಕೆ. ಚೇತರಿಸಿಕೊಂಡವರಿಗೂ ಅಪಾಯವಿಲ್ಲವೆಂದು ಯಾರೂ ಹೇಳಲಾರರು, ಅಪಾಯ ಕಡಿಮೆ ಎಂದಷ್ಟೇ ಹೇಳಬಹುದು.

ಈಗ ಮಾತ್ರೆಗಳ ವಿಷಯ. ಎನಲಾಪ್ರಿಲ್ ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ, ಸ್ಪೈರೊನೊಲ್ಯಾಕ್ಟೋನನ್ನೂ ಗರ್ಭಾವಸ್ಥೆಯಲ್ಲಿ ಕೊಡುವುದಿಲ್ಲ. ಮೆಟೊಪ್ರೊಲಾಲನ್ನು ಮಗುವಿನ ಬೆಳವಣಿಗೆಯ ಮೇಲೆ ಕಣ್ಣಿಟ್ಟು ಮುಂದುವರಿಸಬಹುದು. ಹಾಗಾಗಿ ಗರ್ಭ ನಿಲ್ಲುವ ಮೊದಲು ಆ ಎರಡನ್ನೂ ನಿಲ್ಲಿಸಲೇಬೇಕು, ನಿಲ್ಲಿಸಿದ ಮೇಲೆ ಹೃದಯ ಹೇಗಿದೆ ಎಂದು ನೋಡಲೇಬೇಕು. ನಿಮ್ಮ ವೈದ್ಯರು ಒಂದೊಂದನ್ನಾಗಿ ನಿಲ್ಲಿಸಿ, ಕೊನೆಯದನ್ನು ಬಿಟ್ಟು ಸುಮಾರು ಮೂರು ತಿಂಗಳಾದ ನಂತರ ಮತ್ತೆ ಎಕೋ ಮಾಡಿಸುತ್ತಾರೆ. ಈ ಅವಧಿಯಲ್ಲಿ ಗರ್ಭ ನಿಲ್ಲಬಾರದು. ಅದಕ್ಕೆ ಕಾಪರ್ ಟಿ ಒಳ್ಳೆಯದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುವುದರಿಂದ ನಿಮಗೆ ತಕ್ಕವಲ್ಲ. ದಯವಿಟ್ಟು ಈ ಉತ್ತರವನ್ನು ಓದಿ ಇಂದು ರಾತ್ರಿಯಿಂದಲೇ ಮಾತ್ರೆ ಬಿಡಬೇಡಿ. ಹಾಗೆ ತಾವೇ ಬಿಟ್ಟು, ಆರು ವಾರಗಳಲ್ಲಿ ಏದುಸಿರು ಬಿಡುತ್ತಾ ಬಂದವರನ್ನು ನಾನು ನೋಡಿದ್ದೇನೆ.

ಎಕೋದ ಬಗ್ಗೆ ಒಂದು ಮಾತು. ಒಂದೇ ಹೃದಯವನ್ನು ಇಬ್ಬರು ಅಳೆದಾಗ ಇ.ಎಫ್.ನಲ್ಲಿ ಐದು ಅಂಕಿಗಳ ವ್ಯತ್ಯಾಸ ಬರುವುದು ತೀರ ಸಾಮಾನ್ಯ. ಆದ್ದರಿಂದ ಸಾಧ್ಯವಾದಷ್ಟು ಒಂದೇ ಕಡೆ, ಒಬ್ಬರಿಂದಲೇ ಮಾಡಿಸಿ, ಹಳೆಯ ಚಿತ್ರಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಲು ಕೇಳಿ. 55 ಇದ್ದದ್ದು 53 ಆದರೆ ಹೃದಯ ಇದ್ದಲ್ಲೇ ಇದೆ ಎಂದೇ ಅರ್ಥ. 46 ಆದರೆ, ಎಡ ಕೋಣೆ ಹಿಗ್ಗತೊಡಗಿದ್ದರಂತೂ, ನಿಮ್ಮ 55 ಎಂಬ ಅಂಕಿ ಮಾತ್ರೆಗಳ ಬಲದಿಂದ ಬಂದದ್ದಾಗಿತ್ತು. ಆಗ ಮಾತ್ರೆಗಳನ್ನು ಮತ್ತೆ ಆರಂಭಿಸಬೇಕಾಗುತ್ತದೆ, ಗರ್ಭಧಾರಣೆ ಬೇಡವೆಂದೇ ನಾನು ಹೇಳುತ್ತೇನೆ. ಹಾಗೆಯೇ ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೃದಯ ಹಿಗ್ಗುವ ಕಾಯಿಲೆ ಇದೆಯೇ, ಚಿಕ್ಕ ವಯಸ್ಸಿನಲ್ಲಿ ಯಾರಾದರೂ ದಿಢೀರನೆ ತೀರಿಕೊಂಡಿದ್ದಾರೆಯೇ ಎಂಬುದನ್ನು ತಿಳಿದುಕೊಂಡು ವೈದ್ಯರಿಗೆ ಹೇಳಿ. ಈ ಕಾಯಿಲೆ ಬಂದವರಲ್ಲಿ ಕೆಲವರಿಗೆ ಹೃದಯಸ್ನಾಯುವಿನ ಜೀನ್‌ನಲ್ಲೇ ದೋಷವಿರುತ್ತದೆ, ಅದು ಮಗುವಿಗೂ ಬರಬಹುದು.

ಮಾತ್ರೆಯಿಲ್ಲದೆಯೂ ಹೃದಯದ ಬಲ ಉಳಿಯಿತೆಂದೇ ಇಟ್ಟುಕೊಳ್ಳೋಣ. ಎಲ್ಲವನ್ನೂ ಕೇಳಿದ ಮೇಲೂ ನೀವು ಮಗು ಬೇಕೆಂದರೆ, ಆ ಗರ್ಭವನ್ನು ಪ್ರಸೂತಿ ತಜ್ಞರು ಮತ್ತು ಹೃದ್ರೋಗ ತಜ್ಞರು ಮೊದಲ ತಿಂಗಳಿನಿಂದಲೇ ಒಟ್ಟಿಗೆ ನೋಡಿಕೊಳ್ಳಬೇಕು. ಮೂರು ಮತ್ತು ಆರು ತಿಂಗಳು ತುಂಬುವ ಹೊತ್ತಿಗೆ, ನಂತರ ಹೆರಿಗೆಗೆ ಒಂದು ತಿಂಗಳಿರುವಾಗ ಎಕೋ ಆಗಬೇಕು, ಜೊತೆಗೆ ಹೃದಯದ ಮೇಲಿನ ಒತ್ತಡವನ್ನು ತೋರಿಸುವ ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆಯೂ ನೆರವಾಗುತ್ತದೆ. ಕಷ್ಟವಿರುವುದು ಲಕ್ಷಣಗಳನ್ನು ಗುರುತಿಸುವುದರಲ್ಲಿ, ಏಕೆಂದರೆ ಕಾಲು ಊದುವುದು, ಮೆಟ್ಟಿಲು ಹತ್ತಿದಾಗ ಏದುಸಿರು, ಸುಸ್ತು ಇವೆಲ್ಲ ಆರೋಗ್ಯವಂತ ಗರ್ಭಿಣಿಯಲ್ಲೂ ಇರುತ್ತವೆ. ಅದಕ್ಕೇ ನಾನು ದಿಂಬುಗಳನ್ನು ಎಣಿಸಲು ಹೇಳುತ್ತೇನೆ. ನಿನ್ನೆಯವರೆಗೆ ಒಂದು ದಿಂಬಿನ ಮೇಲೆ ಮಲಗುತ್ತಿದ್ದವರಿಗೆ ಇಂದು ಮೂರು ಬೇಕಾದರೆ, ಮಲಗಿದಾಗ ಮಾತ್ರ ಕೆಮ್ಮು ಬಂದರೆ, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುವಂತಾದರೆ, ಎರಡು ಮೂರು ದಿನಗಳಲ್ಲಿ ಎರಡು ಕಿಲೋ ತೂಕ ಏರಿದರೆ ಅದನ್ನು ಬಸಿರಿನ ಸಹಜ ಆಯಾಸವೆಂದು ಬಿಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೊದಲ ಸಲ ನಿಮಗೇ ಹೀಗಾಗಿತ್ತಲ್ಲ, ಅದರ ಗುರುತು ಬೇರೆಯವರಿಗಿಂತ ನಿಮಗೇ ಚೆನ್ನಾಗಿರುತ್ತದೆ.

ಹೃದಯ ಸ್ಥಿರವಾಗಿದ್ದರೆ ಸಾಮಾನ್ಯ ಹೆರಿಗೆಯೇ ಆಗಬಹುದು, ಈ ಕಾಯಿಲೆ ಬಂದಿತ್ತೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಆದರೆ ಹೆರಿಗೆ ಸುಸೂತ್ರವಾದ ಮಾತ್ರಕ್ಕೆ ಗಂಡಾಂತರ ಕಳೆಯಿತೆಂದು ತಿಳಿಯಬಾರದು. ಮಗು ಹೊರಬಂದ ಕೂಡಲೇ ಕುಗ್ಗಿದ ಗರ್ಭಕೋಶದ ರಕ್ತವೆಲ್ಲ ಒಮ್ಮೆಲೇ ಹೃದಯದ ಕಡೆಗೆ ನುಗ್ಗುತ್ತದೆ, ಊದಿದ ಕಾಲುಗಳಲ್ಲಿದ್ದ ನೀರೂ ಮುಂದಿನ ದಿನಗಳಲ್ಲಿ ರಕ್ತಕ್ಕೆ ಮರಳುತ್ತದೆ. ನೀವು ಮೊದಲ ಸಲ ಸೋತದ್ದೂ ಹೆರಿಗೆಯ ಮಂಚದ ಮೇಲಲ್ಲ, ಮನೆಗೆ ಬಂದ ಮೇಲೆ. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮೊದಲು ಒಂದು ಎಕೋ, ಹೆರಿಗೆಯಾಗಿ ಒಂದು ತಿಂಗಳಾದಾಗ ಒಂದು, ಆರು ತಿಂಗಳಾದಾಗ ಇನ್ನೊಂದು ಆಗಲೇಬೇಕು. ಎನಲಾಪ್ರಿಲ್ ಮತ್ತೆ ಬೇಕಾದರೆ ಎದೆಹಾಲು ಕುಡಿಸುತ್ತಲೇ ಅದನ್ನು ತೆಗೆದುಕೊಳ್ಳಬಹುದು.