ಪಿನ್ ಮಾಡಿಯೇ ಕೊಟ್ಟಿದ್ದೆ, ಹುಡುಗ ಹೆಂಗ ಹೊರಗ ಬಂದ?

ಪ್ರಶ್ನೆ: ಮಗನಿಗೆ ಯೂಟ್ಯೂಬ್ ಹಾಕಿ, ಸ್ಕ್ರೀನ್ ಪಿನ್ ಮಾಡಿ ಫೋನ್ ಕೊಟ್ಟಿದ್ದೆ. ಆದರೂ ಅವನು ವಾಟ್ಸಾಪಿಗೆ ಹೋಗಿ ಆಫೀಸ್ ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿದ್ದಾನೆ. ಫೋನ್ ಕೆಟ್ಟಿದೆಯಾ? (ಓದುಗರೊಬ್ಬರು, ಕೊಪ್ಪಳ)

ಫೋನ್ ಕೆಟ್ಟಿಲ್ಲ. ಈ ತಿಂಗಳಲ್ಲಿ ಇದೇ ಪ್ರಶ್ನೆ ಎಷ್ಟನೇ ಸಲ ಬಂತೋ ಲೆಕ್ಕ ಇಟ್ಟಿಲ್ಲ. ಗಂಗಾವತಿಯಿಂದ ಬಂದವರೂ ಇದನ್ನೇ ಕೇಳಿದರು, ಬಳ್ಳಾರಿಯಲ್ಲಿರುವ ನಮ್ಮಕ್ಕನೂ ಇದನ್ನೇ ಕೇಳಿದಳು. ಎಲ್ಲರ ಮಾತೂ ಒಂದೇ: "ಪಿನ್ ಹಾಕೀನ್ರಿ, ಲಾಕ್ ಆಗೈತಿ."

ಆಗಿಲ್ಲ. ತಪ್ಪು ನಿಮ್ಮದೂ ಅಲ್ಲ, ಪದದ್ದು. ನಾಲ್ಕಂಕಿಯ ಗುಟ್ಟಿನ ನಂಬರಿಗೂ ನಾವು ಪಿನ್ ಅಂತೀವಿ, ಕಾಗದಕ್ಕೆ ಚುಚ್ಚುವ ಗುಂಡುಪಿನ್ನಿಗೂ ಪಿನ್ ಅಂತೀವಿ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ಪಿನ್ನಿಂಗ್‌ನಲ್ಲಿರುವುದು ಗುಂಡುಪಿನ್ನು. ಒಂದು ಆಪನ್ನು ಪರದೆಗೆ ಚುಚ್ಚಿ ನಿಲ್ಲಿಸುತ್ತದೆ, ಅಷ್ಟೇ. ಗೋಡೆಗೆ ಚುಚ್ಚಿದ ಕ್ಯಾಲೆಂಡರನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದಲ್ಲ, ಇದೂ ಹಾಗೆಯೇ.

ಅಕ್ಕನ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಅವಳ ಮಗನಿಗೆ ನಾಲ್ಕು ವರ್ಷ. ಪಿನ್ ಮಾಡಿದ ಫೋನ್ ಕೈಗೆ ಬಂದ ಕೂಡಲೇ ಅಭ್ಯಾಸದಂತೆ ಕೆಳಗಿನಿಂದ ಮೇಲಕ್ಕೆ ಬೆರಳು ಎಳೆದ. ಹೊರಗೆ ಹೋಗಲಿಲ್ಲ, ಪರದೆಯ ಮೇಲೆ ಒಂದು ಸಾಲು ಬಂತು: ಪಿನ್ ತೆಗೆಯಬೇಕಾದರೆ ಮೇಲಕ್ಕೆ ಎಳೆದು ಹಿಡಿಯಿರಿ ಅಂತ. ಬಿಡಿಸಿಕೊಳ್ಳುವ ದಾರಿಯನ್ನು ಫೋನೇ ಹೇಳಿಕೊಡುತ್ತದೆ! ಹುಡುಗನಿಗೆ ಓದಲು ಬರುವುದಿಲ್ಲ, ಆದರೆ ಸಿಟ್ಟಿಗೆದ್ದು ಎಳೆದ ಬೆರಳನ್ನು ಹಾಗೇ ಒತ್ತಿ ಹಿಡಿದ. ಪಿನ್ ಬಿಟ್ಟಿತು. ಕೆಳಗೆ ಮೂರು ಬಟನ್ ಇರುವ ಫೋನಿನಲ್ಲಿ ಹಿಂದಕ್ಕೆ ಹೋಗುವ ಬಟನ್ ಮತ್ತು ಈಚೆಗೆ ತೆರೆದ ಆಪ್‌ಗಳನ್ನು ತೋರಿಸುವ ರೀಸೆಂಟ್ಸ್ ಬಟನ್ ಎರಡನ್ನೂ ಒಟ್ಟಿಗೆ ಹಿಡಿದರೆ ಇದೇ ಕಥೆ.

ಬೀಗ ಬೇಕಾದರೆ ಅದಕ್ಕೆ ಬೇರೆಯೇ ಸ್ವಿಚ್ ಇದೆ. Settings ಒಳಗೆ Security & privacy, ಅದರಡಿ More security & privacy, ಅಲ್ಲಿ App pinning. ಕಂಪನಿ ಬದಲಾದಂತೆ ಹೆಸರು ಸ್ವಲ್ಪ ಅತ್ತಿತ್ತ ಆಗುತ್ತದೆ, ಮೇಲಿನ ಹುಡುಕು ಪಟ್ಟಿಯಲ್ಲಿ pin ಅಂತ ಹೊಡೆಯಿರಿ, ಸಿಗುತ್ತದೆ. ಅದನ್ನು ಆನ್ ಮಾಡಿ ಎಲ್ಲರೂ ಅಲ್ಲೇ ಕೈಬಿಡುತ್ತಾರೆ. ಅದರ ಕೆಳಗೇ Ask for PIN before unpinning ಅಂತ ಇನ್ನೊಂದು ಸ್ವಿಚ್ ಇರುತ್ತದೆ. ನೀವು ಪ್ಯಾಟರ್ನ್ ಇಟ್ಟಿದ್ದರೆ PIN ಬದಲು pattern ಅಂತ ಇರುತ್ತದೆ. ಬೀಗ ಅಂದರೆ ಇದು. ಇದು ಆನ್ ಇದ್ದರೆ ಹುಡುಗ ಎಳೆದು ಹಿಡಿದರೂ ಲಾಕ್ ಸ್ಕ್ರೀನಿಗೆ ಬಂದು ನಿಲ್ಲುತ್ತಾನೆ. ಆಮೇಲೆ ಆಪ್ ತೆರೆದು, ರೀಸೆಂಟ್ಸ್‌ಗೆ ಹೋಗಿ, ಕಾರ್ಡಿನ ಮೇಲಿರುವ ಆಪಿನ ಚಿಹ್ನೆ ಒತ್ತಿ Pin ಆರಿಸಿ. ಕೊಡುವ ಮುಂಚೆ ನೀವೇ ಒಮ್ಮೆ ಬಿಡಿಸಿ ನೋಡಿ. ಲಾಕ್ ಕೇಳಲಿಲ್ಲವೋ, ಸ್ವಿಚ್ ಆನ್ ಆಗಿಲ್ಲ.

ಇಷ್ಟಾದರೂ ಪಿನ್ ಮಾಡಿದ ಆಪಿನ ಒಳಗೆ ಎಲ್ಲವೂ ಬಯಲೇ. ಮದುವೆ ಫೋಟೋ ತೋರಿಸಲು ಗ್ಯಾಲರಿ ಪಿನ್ ಮಾಡಿ ಕೊಟ್ಟರೆ ಆಧಾರ್ ಕಾರ್ಡಿನ ಫೋಟೋವೂ ಅದರಲ್ಲೇ ಇರುತ್ತದೆ. ಮಕ್ಕಳಿಗೆ ವಿಡಿಯೋ ನೋಡಲು ಕೊಡುವಾಗ ಗೆಸ್ಟ್ ಮೋಡ್ ವಾಸಿ. ಮೇಲಿನಿಂದ ಎರಡು ಬೆರಳಿನಲ್ಲಿ ಎಳೆದರೆ ಮನುಷ್ಯನ ಚಿಹ್ನೆ ಕಾಣುತ್ತದೆ, ಅದನ್ನು ಒತ್ತಿ ಗೆಸ್ಟ್ ಸೇರಿಸಬಹುದು. ಚಿಹ್ನೆ ಕಾಣದಿದ್ದರೆ Settings ಒಳಗೆ users ಅಂತ ಹುಡುಕಿ ಮೊದಲು ಅದನ್ನು ಆನ್ ಮಾಡಿ. ಗ್ಯಾಲರಿ ಖಾಲಿ, ನಿಮ್ಮ ವಾಟ್ಸಾಪ್ ಇಲ್ಲ, ಯೂಟ್ಯೂಬಿನಲ್ಲಿ ನಿಮ್ಮ ಖಾತೆಯೂ ಇಲ್ಲ. ಫೋಟೋ ತೋರಿಸಲು ಮಾತ್ರ ಇದು ಬಾರದು, ಅದಕ್ಕೆ ಫೋನ್ ನಿಮ್ಮ ಕೈಯಲ್ಲೇ ಇರಲಿ. ಸ್ಯಾಮ್‌ಸಂಗ್ ಫೋನಿನಲ್ಲಿ ಇದನ್ನು ಹುಡುಕಿ ಸುಸ್ತಾಗಬೇಡಿ, ಅವರು ಇದನ್ನು ಟ್ಯಾಬ್ಲೆಟ್ಟಿಗೆ ಮಾತ್ರ ಕೊಟ್ಟಿದ್ದಾರೆ. ಗೆಸ್ಟ್‌ನಿಂದ ಹೊರಬರುವುದನ್ನು ಮರೆಯಬೇಡಿ. ನಮ್ಮಕ್ಕ ಮರೆತು, ಮರುದಿನ ಬೆಳಿಗ್ಗೆ ಫೋನ್ ಮಾಡಿಸಿ "ನನ್ ಫೋಟೋ ಎಲ್ಲಾ ಅಳಿಸಿ ಹೋಗ್ಯಾವ" ಅಂತ ಗೋಳಾಡಿದ್ದಳು.

ಇನ್ನೊಂದು, ಇದನ್ನು ನೀವು ಕೇಳಿಲ್ಲ. ಗವಿಮಠದ ಜಾತ್ರೆಯಲ್ಲಿ ಗುರುತಿಲ್ಲದವರು "ಒಂದ್ ಕಾಲ್ ಮಾಡಿ ಕೊಡ್ತೀನ್ರಿ" ಅಂತ ಕೈ ಚಾಚಿದರೆ, ಫೋನ್ ಆಪನ್ನು ಪಿನ್ ಮಾಡಿ ಕೊಟ್ಟರೆ ಸಾಕಾ? ಸಾಲದು. ಕಾಲ್ ಫಾರ್ವರ್ಡಿಂಗ್ ಇರುವುದೇ ಆ ಆಪಿನ ಸೆಟ್ಟಿಂಗ್‌ನಲ್ಲಿ. ಅಲ್ಲಿ ತನ್ನ ನಂಬರ್ ಹಾಕಿಬಿಟ್ಟರೆ, ಕರೆಯಲ್ಲಿ ಬರುವ ಓಟಿಪಿ ಸೀದಾ ಅವನ ಕಿವಿಗೆ ಬೀಳುತ್ತದೆ. ಕೋಡ್ ಒತ್ತಿ ಫಾರ್ವರ್ಡ್ ಮಾಡುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಬೇಕೆಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು, ಆದರೆ ನಾನು ಅದನ್ನು ನಂಬಿ ಫೋನ್ ಕೊಡುವವನಲ್ಲ. ನಂಬರ್ ಕೇಳಿಕೊಂಡು ನಾನೇ ಒತ್ತುತ್ತೇನೆ, ಸ್ಪೀಕರ್ ಹಾಕಿ ಫೋನ್ ಕೈಯಲ್ಲೇ ಹಿಡಿದು ಅವರ ಮುಂದೆ ಚಾಚುತ್ತೇನೆ. ಈಗಾಗಲೇ ಯಾರಿಗೋ ಕೊಟ್ಟಿದ್ದರೆ ಫೋನ್ ಆಪಿನ ಸೆಟ್ಟಿಂಗ್‌ನಲ್ಲಿ Call forwarding ತೆರೆದು ನೋಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ನೋಡಬೇಕು.